ಹತ್ತು ಕಲ್ಲು, ಒಂಬತ್ತು ಕಿಲೋಮೀಟರ್

‘ಇನ್ನೇನು ಬಂತು’ ಎನ್ನುವುದು ಬಸ್ಸಿನಲ್ಲಿ ಅತಿ ಹೆಚ್ಚು ಸಲ ಹೇಳಲಾಗುವ ಸುಳ್ಳು. ಕೇಳಿದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು. ಆಸ್ಪತ್ರೆಗೆ ಹೊರಟವಳು ಕೇಳುತ್ತಾಳೆ, ಕೋರ್ಟಿಗೆ ಹೊರಟವನು ಕೇಳುತ್ತಾನೆ, ಕಂಡಕ್ಟರು ಚೀಟಿ ಹರಿಯುತ್ತಾ ಮುಖ ಎತ್ತದೆ ಹೇಳುತ್ತಾನೆ, ಇನ್ನೇನು ಬಂತು. ಆಮೇಲೆ ಒಂದೂವರೆ ಗಂಟೆ ಯಾವ ಊರೂ ಬರುವುದಿಲ್ಲ.

ಈ ಸುಳ್ಳನ್ನು ಬಾಯಿಗೆ ತಂದುಕೊಳ್ಳಲು ಒಪ್ಪದ ಒಬ್ಬ ಕಂಡಕ್ಟರ್ ಇದ್ದಳು. ವಯಸ್ಸು ನಲವತ್ತಾರು, ಚೀಲ ಹೆಗಲಿಗೇರಿಸಿ ಹತ್ತೊಂಬತ್ತು ವರ್ಷ. ಡಿಪೋದಲ್ಲಿ ಆಕೆಯನ್ನು ಗಡಿಯಾರದಕ್ಕ ಎಂದು ಕರೆಯುತ್ತಿದ್ದರು. ಅರ್ಧ ಪ್ರೀತಿಯಿಂದ, ಅರ್ಧ ಕುಚೋದ್ಯದಿಂದ. ಎಡಗೈಯ ಒಳಮಗ್ಗುಲಿಗೆ ಮುಖ ಮಾಡಿ ಕಟ್ಟಿದ ಅಗ್ಗದ ಕೈಗಡಿಯಾರ. ಅದರಲ್ಲಿ ಸೆಕೆಂಡಿನ ಮುಳ್ಳು ಉದ್ದವಾಗಿರಬೇಕು ಎಂಬುದೊಂದೇ ಆಕೆಯ ಷರತ್ತು.

ಲೆಕ್ಕ ಸರಳ. ಹೆದ್ದಾರಿಯ ಅಂಚಿನಲ್ಲಿ ಕಿಲೋಮೀಟರಿಗೊಂದು ಕಲ್ಲು. ಮೇಲೆ ದೊಡ್ಡ ಊರಿಗೆ ಇನ್ನೆಷ್ಟು ದೂರ ಎಂಬ ಅಂಕಿ. ಬಸ್ಸಿನ ಮುಂಬಾಗಿಲಿನ ಕಂಬಿಗೆ ಒಂದು ಕಲ್ಲು ನೇರವಾದಾಗ ಮುಳ್ಳು ಎಲ್ಲಿದೆ ನೋಡಬೇಕು, ಮುಂದಿನ ಕಲ್ಲು ಅದೇ ಕಂಬಿಗೆ ಬಂದಾಗ ಮತ್ತೆ ನೋಡಬೇಕು. ನಡುವೆ ಎಷ್ಟು ಸೆಕೆಂಡು ಹೋಯಿತೋ ಅದರಿಂದ ಮೂರು ಸಾವಿರದ ಆರುನೂರನ್ನು ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. ಅರವತ್ತು ಸೆಕೆಂಡಿಗೆ ಅರವತ್ತು, ಎಪ್ಪತ್ತೆರಡಕ್ಕೆ ಐವತ್ತು, ತೊಂಬತ್ತಕ್ಕೆ ನಲವತ್ತು. ಇದನ್ನೆಲ್ಲ ಬರೆದ ಒಂದು ಕಾಗದವನ್ನು ಟಿಕೆಟ್ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದಳು. ಯಾರಾದರೂ ಎಷ್ಟೊತ್ತಾಗುತ್ತೆ ಎಂದರೆ ಒಂದು ಕಲ್ಲು ನೋಡಿ, ಇನ್ನೊಂದು ಕಲ್ಲು ನೋಡಿ, ನಡುವಿನ ನಿಲುಗಡೆಗಳ ನಿಮಿಷ ಸೇರಿಸಿ, ‘ಹತ್ತೂ ಹತ್ತಕ್ಕೆ’ ಎನ್ನುವಳು. ಹತ್ತೂ ಹತ್ತಕ್ಕೆ ಊರು ಬರುತ್ತಿತ್ತು.

ಆಗಿನ್ನೂ ಎಲ್ಲರ ಜೇಬಿನಲ್ಲಿ ದಾರಿ ತೋರಿಸುವ ಫೋನುಗಳು ಬಂದಿರಲಿಲ್ಲ. ಕಲ್ಲು ಮತ್ತು ಗಡಿಯಾರ, ಅಷ್ಟೇ.

ಆಮೇಲೆ ಸಂಸ್ಥೆಯವರು ಬಸ್ಸುಗಳ ಡೀಸೆಲ್ ಪಂಪಿಗೆ ಸೀಲು ಹಾಕಿಸಿದರು. ಎಂಜಿನ್ ಇಷ್ಟಕ್ಕಿಂತ ಹೆಚ್ಚು ಸುತ್ತಬಾರದು, ಕೊನೆಯ ಗೇರಿನಲ್ಲಿ ಗಾಡಿ ಅರವತ್ತನ್ನು ದಾಟಬಾರದು. ಒಳ್ಳೆಯದೇ. ಹೆದ್ದಾರಿಯುದ್ದಕ್ಕೂ ಸ್ಪೀಡೋಮೀಟರಿನ ಮುಳ್ಳು ಅರವತ್ತಕ್ಕೆ ಅಂಟಿಕೊಂಡು ನಿಂತಿತು. ಒಂದು ಕಲ್ಲು, ಒಂದು ನಿಮಿಷ. ಭಾಗಾಕಾರವೇ ಬೇಡವಾಯಿತು. ನಿಧಾನಕ್ಕೆ ಆಕೆ ಸೆಕೆಂಡಿನ ಮುಳ್ಳನ್ನು ನೋಡುವುದನ್ನೇ ಬಿಟ್ಟಳು. ಸುಲಭದ ಲೆಕ್ಕ ಮನುಷ್ಯರನ್ನು ಸೋಮಾರಿ ಮಾಡುತ್ತದೆ, ಆಕೆಯನ್ನೂ ಮಾಡಿತು.

ಆಕೆಯ ಜೊತೆಗೆ ಬಸ್ಸು ಓಡಿಸುತ್ತಿದ್ದವನು ಐವತ್ನಾಲ್ಕರ ಒಬ್ಬ ಡ್ರೈವರ್. ಮಾತು ಕಡಿಮೆ. ಆಕೆ ಅಣ್ಣಾ ಎನ್ನುತ್ತಿದ್ದಳು, ಆತ ತಂಗಿ ಎನ್ನುತ್ತಿದ್ದ. ಬೆಳಿಗ್ಗೆ ಏಳಕ್ಕೆ ನೂರ ಎಂಬತ್ತನೇ ಕಲ್ಲಿನ ಬಳಿಯ ನಿಲ್ದಾಣದಿಂದ ಹೊರಟು ಹತ್ತೂವರೆಗೆ ದೊಡ್ಡ ಊರು ಸೇರಬೇಕು. ಓಟಕ್ಕೆ ಮೂರು ಗಂಟೆ, ನಿಲುಗಡೆಗಳಿಗೂ ಊರೊಳಗಿನ ತೆವಳಾಟಕ್ಕೂ ಅರ್ಧ ಗಂಟೆ. ಹನ್ನೊಂದು ವರ್ಷ ಅದು ಹಾಗೇ ನಡೆದಿತ್ತು. ಕಳೆದ ಮೂರು ತಿಂಗಳಿಂದ ಮಾತ್ರ ಬಸ್ಸು ದಿನಾ ಹತ್ತೂ ಐವತ್ತಕ್ಕೆ ಬರುತ್ತಿತ್ತು.

‘ಗಾಡಿ ಕೂಗ್ತದೆ, ಓಡಲ್ಲ’ ಎಂದು ಡ್ರೈವರ್ ಒಮ್ಮೆ ಅಂದಿದ್ದ. ಗ್ಯಾರೇಜಿನ ದೂರು ಪುಸ್ತಕದಲ್ಲಿ ಬರೆದೂ ಇದ್ದ. ಕೆಳಗೆ ಯಾರೋ ‘ಪರಿಶೀಲಿಸಲಾಯಿತು, ಸರಿ ಇದೆ’ ಎಂದು ಗೀಚಿದ್ದರು. ಆ ಮೂರು ಪದ ಬರೆಯುವುದಕ್ಕೆ ಬಸ್ಸಿನ ಹತ್ತಿರ ಹೋಗಬೇಕಾಗಿಯೂ ಇಲ್ಲ. ಪೆನ್ನಿದ್ದರೆ ಸಾಕು.

ನೋಟಿಸು ಬಂದಿದ್ದು ಡ್ರೈವರಿಗೆ. ಬೇಕೆಂದೇ ನಿಧಾನ ಓಡಿಸುತ್ತೀರಿ, ಸೋಮವಾರದ ವಿಚಾರಣೆಗೆ ಹಾಜರಾಗಿ, ತಪ್ಪು ರುಜುವಾದರೆ ಕೆಲಸದಿಂದ ವಜಾ.

ಗಡಿಯಾರದಕ್ಕನಿಗೆ ಸಿಟ್ಟು ನೆತ್ತಿಗೇರಿತು. ಪಕ್ಕದಲ್ಲೇ ಇರುವವಳಿಗೆ ಗೊತ್ತಿಲ್ಲವೇ, ಸ್ಪೀಡೋಮೀಟರಿನ ಮುಳ್ಳು ಅರವತ್ತರಿಂದ ಕದಲುವುದಿಲ್ಲ ಎಂದು. ಮುಳ್ಳಿನ ಮಾತು ಆಫೀಸಿನವರು ನಂಬದಿದ್ದರೆ ಕಲ್ಲಿನ ಮಾತು ನಂಬಿಸುತ್ತೇನೆ ಎಂದು ಗುರುವಾರ ಮತ್ತೆ ಸೆಕೆಂಡಿನ ಮುಳ್ಳು ಹಿಡಿದಳು. ಒಂದೇ ಕಲ್ಲಿನ ಲೆಕ್ಕ ಸಾಹೇಬರ ಕಣ್ಣಿಗೆ ಹುಡುಗಾಟಿಕೆಯಂತೆ ಕಂಡೀತು ಎಂದು ಹತ್ತು ಕಲ್ಲು ತೆಗೆದುಕೊಂಡಳು. ಮೊದಲ ಕಲ್ಲಿಗೆ ಹೆಬ್ಬೆರಳು ಮಡಚಿ ಒಂದು, ಮುಂದಿನದಕ್ಕೆ ಎರಡು, ಹೀಗೆ ಎರಡೂ ಕೈಯ ಬೆರಳು ಮುಗಿಯುವವರೆಗೆ. ಹತ್ತನೇ ಕಲ್ಲಿಗೆ ಸರಿಯಾಗಿ ಹತ್ತು ನಿಮಿಷ. ಅರವತ್ತು ಎಂದರೆ ಅರವತ್ತೇ.

ಅದನ್ನೇ ಬರೆದು, ಸಹಿ ಹಾಕಿ, ಡಿಪೋ ಮ್ಯಾನೇಜರ್ ಮೇಜಿನ ಮೇಲಿಟ್ಟಳು.

ಮ್ಯಾನೇಜರ್ ಎರಡು ಸಲ ಓದಿದ. ಅವನ ಮುಖದಲ್ಲಿ ಗೆಲುವು ಮೂಡಿದ್ದು ಆಕೆಗೆ ಅರ್ಥವಾಗಲಿಲ್ಲ.

‘ಅಂದ್ರೆ ಗಾಡಿ ಅರವತ್ತರಲ್ಲೇ ಹೋಗ್ತದೆ ಅಂತೀರಿ.’

‘ಹೌದು ಸಾರ್. ಕಲ್ಲೇ ಹೇಳ್ತದೆ.’

‘ಹಾಗಾದ್ರೆ ನಿಧಾನ ಓಡಿಸ್ತಾನೆ ಅನ್ನೋ ಆರೋಪ ಬಿಟ್ಟೆ ಅನ್ಕೊಳ್ಳಿ.’ ಅವನು ಲಾಗ್‌ಶೀಟುಗಳ ಕಟ್ಟು ಬಿಚ್ಚಿದ. ‘ದಾರಿ ಎಷ್ಟು? ನೂರ ಎಂಬತ್ತು. ಮೀಟರಿನಲ್ಲಿ ದಿನಾ ಎಷ್ಟು ಬಂದಿದೆ ನೋಡಿ. ಇನ್ನೂರು, ಇನ್ನೂರು, ನೂರ ತೊಂಬತ್ತೊಂಬತ್ತು, ಇನ್ನೂರು. ಇಪ್ಪತ್ತು ಕಿಲೋಮೀಟರ್ ಜಾಸ್ತಿ. ಅರವತ್ತರಲ್ಲಿ ಇಪ್ಪತ್ತು ಕಿಲೋಮೀಟರಿಗೆ ಎಷ್ಟು ಹೊತ್ತು ಬೇಕಮ್ಮಾ?’

ಆಕೆ ಲಾಗ್‌ಶೀಟಿನ ಅಂಕಿಗಳ ಮೇಲೆ ಕಣ್ಣಾಡಿಸಿದಳು.

‘ಇಪ್ಪತ್ತು ನಿಮಿಷ. ತಡ ಎಷ್ಟು? ಇಪ್ಪತ್ತು ನಿಮಿಷ. ಎಪ್ಪತ್ತನೇ ಕಲ್ಲಿನ ಹತ್ರ ಎಡಕ್ಕೆ ಒಂದು ದಾರಿ ಇದೆ. ಹತ್ತು ಕಿಲೋಮೀಟರ್ ಒಳಗೆ ಅವನ ಮಾವನ ಮನೆ. ಹೋಗೋದು ಹತ್ತು, ಬರೋದು ಹತ್ತು. ನನಗೆ ಇಷ್ಟು ದಿನ ತಾಳೆ ಆಗ್ದೆ ಇದ್ದಿದ್ದು ಗಾಡಿಯ ಸ್ಪೀಡು ಒಂದೇ. ನೀವು ಅದನ್ನೂ ಬರ್ದು ಕೊಟ್ರಿ.’

‘ಸಾರ್, ಬಸ್ಸಿನ ತುಂಬ ಜನ ಇರ್ತಾರೆ. ಅವರನ್ನ ಕೂರಿಸ್ಕೊಂಡು ಮಾವನ ಮನೆಗೆ ಹೋಗೋಕಾಗುತ್ತಾ? ಯಾರನ್ನಾದ್ರೂ ಕೇಳಿ.’

‘ಪ್ರಯಾಣಿಕರನ್ನ ಎಲ್ಲಿಂದ ಹುಡುಕ್ಕೊಂಡು ಬರ್ಲಿ?’

ಮೂರು ತಿಂಗಳಲ್ಲಿ ಆ ಬಸ್ಸಿನಲ್ಲಿ ಕೂತವರು ಸಾವಿರಾರು ಮಂದಿ. ಅವರಲ್ಲಿ ಒಬ್ಬನನ್ನೂ ಕೇಳುವ ಅಗತ್ಯ ಅವನಿಗೆ ಕಾಣಲಿಲ್ಲ. ಲಾಗ್‌ಶೀಟಿನಲ್ಲಿ ಮೀಟರಿಗೊಂದು ಅಂಕಣವಿದೆ, ಹೊತ್ತಿಗೊಂದು ಅಂಕಣವಿದೆ, ಕಣ್ಣಾರೆ ಕಂಡವರಿಗೆ ಅಂಕಣವಿಲ್ಲ. ಅಂಕಣವಿಲ್ಲದ್ದು ಇಂಥ ಆಫೀಸುಗಳಲ್ಲಿ ನಡೆಯುವುದೇ ಇಲ್ಲ.

ಡ್ರೈವರಿಗೆ ಸಂಜೆ ವಿಷಯ ತಿಳಿಸಿದಳು. ಆತ ಬಸ್ಸಿನ ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದ.

‘ಒಳ್ಳೇದು ಮಾಡೋಕೆ ಹೋದೆ, ತಂಗಿ.’

‘ಸುಳ್ಳು ಬರೀಲಿಲ್ಲ ಅಣ್ಣಾ. ಗಡಿಯಾರ ನೋಡೇ ಬರ್ದೆ.’

‘ಸುಳ್ಳು ಅಂದ್ನಾ ನಾನು? ಇಪ್ಪತ್ತೇಳು ವರ್ಷ ಓಡಿಸಿದೀನಿ. ಮಾವನ ಮನೆಗೆ ಹಬ್ಬಕ್ಕೂ ಸರಿಯಾಗಿ ಹೋದವನಲ್ಲ. ಈಗ ದಿನಾ ಹೋಗ್ತೀನಂತೆ, ಅದೂ ಐವತ್ತು ಜನರ ಜೊತೆ.’ ನಗಲು ನೋಡಿದ, ಆಗಲಿಲ್ಲ. ‘ಮಾವನಿಗೆ ಹೇಳ್ಬೇಕು, ಟೀ ಜಾಸ್ತಿ ಇಡು ಅಂತ.’

ಶುಕ್ರವಾರ ಎಂದಿನಂತೆ ಏಳಕ್ಕೆ ಹೊರಟರು. ಮುಂದಿನ ಸೀಟಿನಲ್ಲಿ ಒಬ್ಬ ಶಾಲೆಯ ಟೀಚರ್ ಕೂತಿದ್ದಳು. ನಲವತ್ತೆರಡನೇ ಕಲ್ಲಿನ ಸೇತುವೆ ಸ್ಟಾಪಿನಲ್ಲಿ ಇಳಿದು ಒಂಬತ್ತೂ ನಲವತ್ತೆಂಟರ ಇನ್ನೊಂದು ಬಸ್ಸು ಹಿಡಿಯಬೇಕು, ಸಿಗುತ್ತಾ ಎಂದು ಕೇಳಿದಳು. ತೊಂಬತ್ತಾರನೇ ಕಲ್ಲು ಕಂಬಿಗೆ ಬಂದಾಗ ಗಡಿಯಾರದಲ್ಲಿ ಎಂಟು ನಲವತ್ತೇಳು.

‘ಐವತ್ನಾಲ್ಕು ಕಿಲೋಮೀಟರ್, ಐವತ್ನಾಲ್ಕು ನಿಮಿಷ. ಪೇಟೆಯಲ್ಲಿ ನಾಲ್ಕು ನಿಮಿಷ ನಿಲ್ತೀವಿ. ಒಂಬತ್ತೂ ನಲವತ್ತೈದು. ಮೂರು ನಿಮಿಷ ಕೈಯಲ್ಲಿರುತ್ತೆ, ನಿಶ್ಚಿಂತೆಯಾಗಿ ಕೂತ್ಕೊಳ್ಳಿ’ ಎಂದಳು.

ಬಸ್ಸು ಎಲ್ಲೂ ಸಿಕ್ಕಿಹಾಕಿಕೊಳ್ಳಲಿಲ್ಲ. ಪೇಟೆಯಲ್ಲಿ ನಾಲ್ಕೇ ನಿಮಿಷ. ಸೇತುವೆ ಸ್ಟಾಪಿನಲ್ಲಿ ನಿಂತಾಗ ಒಂಬತ್ತೂ ಐವತ್ತೊಂದು. ಟೀಚರ್ ಹಿಡಿಯಬೇಕಿದ್ದ ಬಸ್ಸಿನ ಧೂಳು ಇನ್ನೂ ಕೆಳಗಿಳಿದಿರಲಿಲ್ಲ.

‘ನಿಮ್ಮ ಮಾತು ನಂಬಿ ಕೂತೆ’ ಎಂದಳು ಟೀಚರ್. ‘ಬೇರೆಯವರಾಗಿದ್ರೆ ಇನ್ನೇನು ಬಂತು ಅಂತಿದ್ರು, ನಾನೂ ನಂಬ್ತಿರ್ಲಿಲ್ಲ. ಪೇಟೆಯಲ್ಲೇ ಇಳಿದು ಆಟೋ ಹತ್ತಿರ್ತಿದ್ದೆ.’

ಹತ್ತೊಂಬತ್ತು ವರ್ಷದಲ್ಲಿ ಯಾರೂ ಆಕೆಗೆ ಹೀಗೆ ಅಂದಿರಲಿಲ್ಲ. ಗಂಟೆ ಬಾರಿಸಿ, ಬಾಗಿಲಿಗೆ ಒರಗಿ ನಿಂತಳು. ಆರು ನಿಮಿಷ. ಜನಸಂದಣಿಯಿಲ್ಲ, ಕೆಟ್ಟ ದಾರಿಯಿಲ್ಲ, ಮುಳ್ಳು ಅರವತ್ತರಿಂದ ಅಲ್ಲಾಡಿಲ್ಲ. ಆರು ನಿಮಿಷ ಎಲ್ಲಿ ಹೋಯಿತು?

ಮತ್ತೆ ಕಲ್ಲು ಹಿಡಿದಳು. ಈ ಸಲ ಬೆರಳಿನಲ್ಲಿ ಎಣಿಸಲಿಲ್ಲ. ಕಲ್ಲಿನ ಮೇಲಿನ ಅಂಕಿಯನ್ನೇ ಟಿಕೆಟ್ಟಿನ ಬೆನ್ನ ಮೇಲೆ ಬರೆದಳು. ಮೂವತ್ತೆಂಟು. ಮೂವತ್ತೇಳು. ನಡುವೆ ಅರವತ್ತೇಳು ಸೆಕೆಂಡು. ಮೂವತ್ತಾರಕ್ಕೆ ಅರವತ್ತಾರು. ಹತ್ತು ಕಲ್ಲು ಬರೆದಾಗ ಹತ್ತು ನಿಮಿಷವಾಗಿತ್ತು, ಗುರುವಾರದಂತೆಯೇ. ಪಟ್ಟಿಯ ತಲೆಯಲ್ಲಿ ಮೂವತ್ತೆಂಟು, ಬುಡದಲ್ಲಿ ಇಪ್ಪತ್ತೊಂಬತ್ತು. ಕಳೆದಳು. ಒಂಬತ್ತು.

ಹತ್ತು ಕಲ್ಲುಗಳ ನಡುವೆ ಒಂಬತ್ತೇ ಸಂದು. ಮೊದಲ ಕಲ್ಲಿಗೆ ಬೆರಳು ಮಡಚಿದಾಗ ಬಸ್ಸು ಇನ್ನೂ ಒಂದಡಿಯನ್ನೂ ದಾಟಿರಲಿಲ್ಲ. ಅದನ್ನು ಒಂದು ಎಂದಿದ್ದಳು, ಸೊನ್ನೆ ಎನ್ನಬೇಕಿತ್ತು. ಹತ್ತು ನಿಮಿಷಕ್ಕೆ ಒಂಬತ್ತು ಕಿಲೋಮೀಟರ್ ಎಂದರೆ ಗಂಟೆಗೆ ಐವತ್ನಾಲ್ಕು. ಮುಳ್ಳು ಅರವತ್ತು ತೋರಿಸುತ್ತಿದ್ದಾಗ ಬಸ್ಸು ಐವತ್ನಾಲ್ಕರಲ್ಲಿತ್ತು.

ಬಾಗಿಲ ಬಳಿಯಿಂದ ಡ್ರೈವರಿನ ಸೀಟಿನ ಹಿಂದಕ್ಕೆ ಬಂದು ಮೀಟರಿನ ಅಂಕಿ ನೋಡಿದಳು. ಇಪ್ಪತ್ತೇಳನೇ ಕಲ್ಲಿನಿಂದ ಹದಿನೆಂಟನೇ ಕಲ್ಲಿಗೆ ಒಂಬತ್ತು ಕಿಲೋಮೀಟರ್. ಮೀಟರ್ ಹತ್ತು ತಿರುಗಿತ್ತು.

‘ಅಣ್ಣಾ, ಮೀಟರು ಸುಳ್ಳು ಹೇಳ್ತಿದೆ’ ಎಂದಳು. ಆಮೇಲೆ ಸೇರಿಸಿದಳು, ‘ನಾನೂ ಹೇಳಿದೀನಿ.’

ಅಂದು ಮನೆಗೆ ಬಂದವಳೇ ಅಡುಗೆಮನೆಯ ಮೇಜಿನ ಮೇಲೆ ಬಿಳಿ ಹಾಳೆ ಹರಡಿದಳು. ಗಂಡ ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಪಕ್ಕದಲ್ಲಿ ಕೂತು ಓದಿದ.

‘ನಿನ್ನ ಹೇಳಿಕೆ ತಪ್ಪು ಅಂತ ನೀನೇ ಬರೆದು ಕೊಟ್ರೆ ಏನಂತಾರೆ ಗೊತ್ತಾ? ಡ್ರೈವರ್ ಹತ್ರ ಏನೋ ತಗೊಂಡ್ಳು ಅಂತಾರೆ. ಅವನ ಜೊತೆ ನಿನ್ನನ್ನೂ ಕಳಿಸ್ತಾರೆ.’

‘ಕಳಿಸ್ಲಿ.’

‘ಮಾತಾಡೋದು ಸುಲಭ.’

‘ಸುಲಭ ಅಲ್ಲ ಅಂತಾನೇ ಬರೀತಿರೋದು. ನನ್ನ ಬೆರಳಿನ ಲೆಕ್ಕಕ್ಕೆ ಅವರ ಕೆಲಸ ಹೋಗ್ಬೇಕಾ?’

ಅತ್ತೆ ಒಲೆಯ ಹತ್ತಿರದಿಂದ ತಿರುಗಿ ನೋಡಿದಳು. ‘ಬೇಡ ಅಂತ ನಾನೂ ಹೇಳಲ್ಲ, ಬಿಡು ಅಂತ ಅವನೂ ಹೇಳ್ಬಾರ್ದು. ಊಟ ಮಾಡಿ ಬರಿ. ಹಸಿದವರ ಅಕ್ಷರ ಸೊಟ್ಟಗಿರುತ್ತೆ, ಸಾಹೇಬ್ರಿಗೆ ಅದೊಂದು ನೆಪ ಆಗ್ಬಾರ್ದು.’

ಶನಿವಾರ ರಜೆಯಲ್ಲಿದ್ದವಳು ಡಿಪೋಗೆ ಹೋದಳು. ಮ್ಯಾನೇಜರ್ ಹೊಸ ಹಾಳೆಯನ್ನು ಬೆರಳ ತುದಿಯಿಂದ ಮುಟ್ಟಿದ.

‘ಮೊನ್ನೆ ಅರವತ್ತು, ಇವತ್ತು ಐವತ್ನಾಲ್ಕು. ನಾಳೆ ಎಷ್ಟು?’

‘ನಾಳೆಯೂ ಐವತ್ನಾಲ್ಕೇ ಸಾರ್. ಮೊನ್ನೆ ಎಣಿಕೆ ತಪ್ಪಿದೆ. ಹೆಂಗೆ ತಪ್ಪಿದೆ ಅಂತ ಅದರಲ್ಲೇ ಬರ್ದಿದೀನಿ.’

‘ಸಾಕ್ಷಿ ತಿರುಗಿಸೋದಕ್ಕೆ ಏನು ಶಿಕ್ಷೆ ಗೊತ್ತಾ?’

‘ಮೊದಲನೇದು ಬರ್ದೋಳೂ ನಾನೇ, ತಪ್ಪು ಅಂತಿರೋಳೂ ನಾನೇ. ಶಿಕ್ಷೆ ಕೊಡೋದಾದ್ರೆ ಕೊಡಿ. ಅದಕ್ಕೆ ಮೊದ್ಲು ಯಾರನ್ನಾದ್ರೂ ಬಸ್ಸಲ್ಲಿ ಕಳಿಸಿ.’

ಕೋಣೆಯ ಮೂಲೆಯಲ್ಲಿ ಚೆಕಿಂಗ್ ಇನ್ಸ್‌ಪೆಕ್ಟರ್ ಪೇಪರ್ ಓದುತ್ತಿದ್ದ. ದಾರಿಯಲ್ಲಿ ಬಸ್ಸು ಹತ್ತಿ ಟಿಕೆಟ್ಟು ತಪಾಸಣೆ ಮಾಡುವವನು, ಎಲ್ಲರನ್ನೂ ಅನುಮಾನಿಸುವುದಕ್ಕೆ ಸಂಬಳ ಪಡೆಯುವವನು. ‘ಕಲ್ಲುಗಳನ್ನೇನು ನಂಬೋದಮ್ಮ’ ಎಂದ. ‘ರಸ್ತೆ ಅಗಲ ಮಾಡಿದಾಗ ಎಷ್ಟು ಕಲ್ಲು ಕಿತ್ತು ಎಲ್ಲೆಲ್ಲಿ ನೆಟ್ರೋ.’

‘ದಾರಿ ನೂರ ಎಂಬತ್ತು ಅಂತ ನಿಮ್ಗೆ ಹೇಳಿದ್ಯಾರು ಸಾರ್? ಅದೇ ಕಲ್ಲುಗಳು. ಅವುಗಳ ಲೆಕ್ಕದಲ್ಲೇ ಟಿಕೆಟ್ಟಿನ ದರ ಹಾಕಿದೀವಿ. ಜನರ ಜೇಬಿಂದ ತೆಗೆಯೋಕೆ ಕಲ್ಲು ಸರಿ, ಒಬ್ಬ ಡ್ರೈವರ್ ಕೆಲಸ ಉಳಿಸೋಕೆ ಮಾತ್ರ ತಪ್ಪಾ?’

ಇನ್ಸ್‌ಪೆಕ್ಟರ್ ಪೇಪರ್ ಮಡಚಿಟ್ಟ. ಆಮೇಲೆ ಮ್ಯಾನೇಜರ್ ಇನ್ಸ್‌ಪೆಕ್ಟರ್ ಕಡೆ ನೋಡಿ, ‘ನಾಳೆ ಹೋಗ್ಬನ್ನಿ’ ಎಂದ. ‘ನಿಮ್ಮ ಗಡಿಯಾರ ತಗೊಂಡು ಹೋಗಿ, ಆಯಮ್ಮನದ್ದು ನೋಡ್ಬೇಡಿ.’

ಭಾನುವಾರ ಬಸ್ಸು ಏಳಕ್ಕೆ ಸರಿಯಾಗಿ ಹೊರಟಿತು. ಇನ್ಸ್‌ಪೆಕ್ಟರ್ ಬಾಗಿಲ ಪಕ್ಕದ ಮೊದಲ ಸೀಟಿನಲ್ಲಿ ಕೂತು ಮೀಟರಿನ ಅಂಕಿಯನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡ. ಡ್ರೈವರ್ ದಾರಿಯಿಂದ ಕಣ್ಣು ತೆಗೆಯಲಿಲ್ಲ. ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿದ್ದುದು ಮಾತ್ರ ಕಾಣುತ್ತಿತ್ತು. ಊರು ದಾಟಿ ದಾರಿ ನೆಟ್ಟಗಾಯಿತು, ಮುಳ್ಳು ಅರವತ್ತಕ್ಕೆ ಬಂದು ನಿಂತಿತು.

‘ಈಗ ನೀವೇ ಎಣಿಸಿ ಸಾರ್. ನಾನು ಬಾಯಿ ಬಿಡಲ್ಲ. ಹತ್ತು ಕಲ್ಲು.’

ನೂರ ನಲವತ್ತೊಂದನೇ ಕಲ್ಲು ಕಂಬಿಗೆ ಬಂದಾಗ ಇನ್ಸ್‌ಪೆಕ್ಟರ್ ಹೆಬ್ಬೆರಳು ಮಡಚಿದ. ಗಡಿಯಾರ ಮುಖದ ಹತ್ತಿರ ಹಿಡಿದು ಒಂದೊಂದೇ ಬೆರಳು ಮಡಚುತ್ತಾ ಹೋದ. ಹತ್ತನೇ ಬೆರಳಿಗೆ ತಲೆ ಎತ್ತಿ ನಕ್ಕ.

‘ಹತ್ತು ಕಲ್ಲು, ಹತ್ತು ನಿಮಿಷ ಎರಡು ಸೆಕೆಂಡು. ಅರವತ್ತು. ಮುಗೀತಲ್ಲಮ್ಮ.’

‘ಎಷ್ಟನೇ ಕಲ್ಲಿಂದ ಶುರು ಮಾಡಿದ್ರಿ?’

‘ನೂರ ನಲವತ್ತೊಂದು.’

‘ಈಗ ದಾಟಿದ್ದು?’

‘ನೂರ ಮೂವತ್ತೆರಡು.’

‘ಕಳೀರಿ ಸಾರ್.’

ಇನ್ಸ್‌ಪೆಕ್ಟರ್ ಕಳೆದ. ಪುಸ್ತಕದಲ್ಲಿ ಬರೆದು ಮತ್ತೊಮ್ಮೆ ಕಳೆದ. ಮಡಚಿದ ಬೆರಳುಗಳನ್ನು ನೋಡಿಕೊಂಡ.

‘ನಾನೂ ಹಂಗೇ ಎಣಿಸಿದ್ದೆ’ ಎಂದಳು ಆಕೆ. ಗೆದ್ದ ದನಿಯಲ್ಲಿ ಅಲ್ಲ. ‘ಬೆರಳು ಹಂಗೇ ಹೇಳ್ತದೆ. ಅದಕ್ಕೇ ಹೆದರಿಕೆ ಆಗೋದು.’

ಅವನು ಅಷ್ಟಕ್ಕೇ ಒಪ್ಪುವ ಜಾತಿಯವನಲ್ಲ. ಆಮೇಲಿಂದ ಒಂದೊಂದು ಕಲ್ಲಿಗೂ ಸೆಕೆಂಡು ಬರೆಯತೊಡಗಿದ. ಅರವತ್ತೇಳು, ಅರವತ್ತಾರು, ಅರವತ್ತೇಳು. ನೂರ ಹನ್ನೆರಡನೇ ಕಲ್ಲು ಬರಲು ಎಪ್ಪತ್ತೈದು ಸೆಕೆಂಡು ಹಿಡಿಯಿತು.

‘ನೋಡಿ, ಈಗ ಎಪ್ಪತ್ತೈದು. ಡ್ರೈವರ್ ನಿಧಾನ ಮಾಡಿದ, ಇಲ್ಲಾಂದ್ರೆ ನಿಮ್ಮ ಕಲ್ಲು ನೆಟ್ಟಗಿಲ್ಲ.’

‘ಮುಳ್ಳು ಅರವತ್ತರಲ್ಲೇ ಇತ್ತು, ನೀವೇ ನೋಡ್ತಿದ್ರಿ. ಮುಂದಿನ ಕಲ್ಲು ಬರ್ಲಿ.’

ಮುಂದಿನ ಕಲ್ಲು ಐವತ್ತೆಂಟೇ ಸೆಕೆಂಡಿಗೆ ಬಂತು.

‘ಎರಡೂ ಸೇರ್ಸಿ ಸಾರ್. ನೂರ ಮೂವತ್ಮೂರು. ಎರಡು ಕಿಲೋಮೀಟರಿಗೆ ಸರಿಯಾಗಿದೆ. ನಡುವಿನ ಕಲ್ಲನ್ನ ಯಾರೋ ನೂರಿಪ್ಪತ್ತು ಮೀಟರ್ ಆಚೆ ನೆಟ್ಟಿದಾರೆ. ಒಂದು ಕಲ್ಲು ಸೊಟ್ಟಗಿರಬಹುದು, ಅದರ ತಪ್ಪನ್ನ ಪಕ್ಕದ್ದು ತೀರಿಸ್ತದೆ.’

ಹಿಂದಿನ ಸೀಟಿನ ಮುದುಕನೊಬ್ಬ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ‘ಆಫೀಸುಗಳಲ್ಲಿ ಹಂಗಾಗಲ್ಲ ಬಿಡಮ್ಮ’ ಎಂದ. ಇನ್ಸ್‌ಪೆಕ್ಟರ್ ತಿರುಗಿ ನೋಡಿದ. ಮುದುಕ ಕಿಟಕಿಯಾಚೆ ನೋಡುತ್ತಿದ್ದ.

ತೊಂಬತ್ತಾರನೇ ಕಲ್ಲು. ಎಂಟು ನಲವತ್ತೇಳು. ಆಕೆ ಒಂದು ಟಿಕೆಟ್ಟಿನ ಹಿಂದೆ ಬರೆದು ಮಡಚಿ ಇನ್ಸ್‌ಪೆಕ್ಟರ್ ಕೈಗೆ ಕೊಟ್ಟಳು. ‘ಐವತ್ನಾಲ್ಕು ಕಿಲೋಮೀಟರಿಗೆ ಅರವತ್ತು ನಿಮಿಷ, ಪೇಟೆಯ ನಿಲುಗಡೆ ನಾಲ್ಕು. ಸೇತುವೆ ಒಂಬತ್ತೂ ಐವತ್ತೊಂದಕ್ಕೆ. ಅಲ್ಲಿಂದ ನಲವತ್ತೆರಡು ಕಿಲೋಮೀಟರಿಗೆ ನಲವತ್ತೇಳು ನಿಮಿಷ, ಊರೊಳಗೆ ಹನ್ನೆರಡು. ನಿಲ್ದಾಣ ಹತ್ತೂ ಐವತ್ತಕ್ಕೆ. ಡ್ರೈವರ್ ನಡುವೆ ಎಲ್ಲಾದ್ರೂ ತಿರುಗಿದ್ರೆ, ಬೇಕಂತ ನಿಧಾನ ಮಾಡಿದ್ರೆ, ಈ ಲೆಕ್ಕ ಕೂಡಲ್ಲ.’

ಪೇಟೆಯಲ್ಲಿ ನಾಲ್ಕು ನಿಮಿಷ ನಿಂತು ಹೊರಟರು. ಎಪ್ಪತ್ತನೇ ಕಲ್ಲಿನ ಬಳಿ ಎಡಕ್ಕೆ ತಿರುಗುವ ದಾರಿ ಬಂತು, ಹಿಂದೆ ಸರಿಯಿತು. ಡ್ರೈವರ್ ಆ ಕಡೆ ಕತ್ತನ್ನೂ ತಿರುಗಿಸಲಿಲ್ಲ. ಅರವತ್ತೊಂದನೇ ಕಲ್ಲು ದಾಟಿದಾಗ ದೂರದಲ್ಲಿ ಒಬ್ಬ ಹೆಂಗಸು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಹೊಲದ ಬದುವಿನಿಂದ ರಸ್ತೆಗೆ ಓಡಿ ಬರುತ್ತಿದ್ದಳು, ಕೈ ಬೀಸುತ್ತಾ. ಅದು ಕೋರಿಕೆಯ ನಿಲುಗಡೆ. ಕೈ ತೋರಿಸಿದರೆ ನಿಲ್ಲಿಸಬೇಕು. ಡ್ರೈವರಿನ ಕಾಲು ಬ್ರೇಕಿನ ಮೇಲೆ ಹೋಗಿ, ಒತ್ತದೆ ಉಳಿಯಿತು. ಕನ್ನಡಿಯಲ್ಲಿ ಆಕೆಯ ಮುಖ ನೋಡಿದ. ನಿಲ್ಲಿಸಿದರೆ ಚೀಟಿಯ ಲೆಕ್ಕ ಕೆಡುತ್ತದೆ. ಕೆಟ್ಟರೆ ಕೆಲಸ ಹೋಗುತ್ತದೆ.

ಆಕೆ ಗಂಟೆ ಎಳೆದಳು.

‘ನಿಲ್ಸಿ ಅಣ್ಣಾ.’

ಹೆಂಗಸು ಏದುಸಿರು ಬಿಡುತ್ತಾ ಹತ್ತಿದಳು. ಮಗುವನ್ನು ಕೈಗೆ ತೆಗೆದುಕೊಂಡು, ಅವಳನ್ನು ಕೂರಿಸಿ, ಗಂಟೆ ಬಾರಿಸಿ, ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. ‘ನಿಲ್ಲಿಸಿ, ಮತ್ತೆ ವೇಗ ಹಿಡಿಯೋದಕ್ಕೆ ಒಂದು ನಿಮಿಷ. ಚೀಟಿಗೆ ಒಂದು ಸೇರಿಸ್ಕೊಳ್ಳಿ.’

‘ಕೊಟ್ಟ ಲೆಕ್ಕ ಆಮೇಲೆ ತಿದ್ದೋ ಹಾಗಿಲ್ಲ.’

‘ಹಾಗಾದ್ರೆ ತಿದ್ದಬೇಡಿ. ಐವತ್ತೊಂದು ಅಂದ್ಲು, ಐವತ್ತೆರಡಕ್ಕೆ ಬಂತು, ಯಾಕೆ ಅಂತ ಬರೀರಿ.’

ಸೇತುವೆ ಸ್ಟಾಪು ಬಂದಾಗ ಇನ್ಸ್‌ಪೆಕ್ಟರಿನ ಗಡಿಯಾರದಲ್ಲಿ ಒಂಬತ್ತೂ ಐವತ್ತೆರಡು. ದೊಡ್ಡ ಊರಿನ ನಿಲ್ದಾಣದಲ್ಲಿ ಬಸ್ಸು ನಿಂತಾಗ ಹತ್ತೂ ಐವತ್ತೊಂದು. ಎಲ್ಲರೂ ಇಳಿದ ಮೇಲೆ ಅವನು ಮೀಟರ್ ನೋಡಿ ಬೆಳಗಿನ ಅಂಕಿಯನ್ನು ಕಳೆದ. ಇನ್ನೂರು.

‘ಎಲ್ಲಿ ತಿರುಗಿತು ಗಾಡಿ, ಹೇಳಿ ಸಾರ್’ ಎಂದ ಡ್ರೈವರ್. ಅಂದು ಬೆಳಗಿನಿಂದ ಆತ ಆಡಿದ ಮೊದಲ ಮಾತು ಅದು. ‘ನೀವೂ ಬಂದಿದ್ರಲ್ಲ ಮಾವನ ಮನೆಗೆ. ಟೀ ಹೆಂಗಿತ್ತು?’

ಇನ್ಸ್‌ಪೆಕ್ಟರ್ ಪುಸ್ತಕ ತೆರೆದ. ಒಂದು ಮಾತು ಅವನ ಪರವಾಗಿ ಹೇಳಬೇಕು: ಕಂಡದ್ದನ್ನು ಕಂಡಂತೆ ಬರೆದ. ತಾನೇ ಬೆರಳು ತಪ್ಪು ಮಡಚಿದ್ದನ್ನೂ ಬರೆದ.

ಸಂಜೆ ಬಸ್ಸು ವಾಪಸು ಬಂದ ಮೇಲೆ ಗ್ಯಾರೇಜಿನ ಹಳೆಯ ಮೇಸ್ತ್ರಿ ಹಿಂದಿನ ಚಕ್ರಗಳನ್ನು ಜಾಕಿಯ ಮೇಲೆ ಎತ್ತಿಸಿದ. ಎಂಜಿನ್ನಿನಿಂದ ಹಿಂದಕ್ಕೆ ಬರುವ ಉದ್ದನೆಯ ಶಾಫ್ಟಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ, ಟೈರಿನ ಮೇಲೆ ಒಂದು ಗೆರೆ. ಎರಡೂ ಚಕ್ರಗಳನ್ನು ಒಟ್ಟಿಗೆ ಒಂದು ಸುತ್ತು ತಿರುಗಿಸಲು ಹೇಳಿ ಶಾಫ್ಟಿನ ಸುತ್ತು ಎಣಿಸಿದ. ಈ ಮಾದರಿಯ ಬಸ್ಸಿಗೆ ಆರು ಸುತ್ತಿನ ಮೇಲೆ ಚೂರು ಬರಬೇಕು. ಇದು ಹೆಚ್ಚುಕಡಿಮೆ ಏಳು ತಿರುಗಿತು.

‘ಘಾಟಿ ದಾರಿಯ ಬಸ್ಸಿನ ಕ್ರೌನ್ ಹಾಕಿದಾರೆ’ ಎಂದ ಮೇಸ್ತ್ರಿ, ಕೈ ಒರೆಸಿಕೊಳ್ಳುತ್ತಾ. ಹಿಂದಿನ ಆಕ್ಸಲಿನ ಹಲ್ಲುಗಾಲಿಗಳ ಜೋಡಿಗೆ ಗ್ಯಾರೇಜಿನಲ್ಲಿ ಅದೇ ಹೆಸರು. ‘ಏರು ಹತ್ತೋಕೆ ಒಳ್ಳೇದು, ಓಟಕ್ಕೆ ಕಡಿಮೆ. ಮೀಟರಿನ ತಂತಿ ಗೇರ್‌ಬಾಕ್ಸಿಂದ ಬರ್ತದೆ. ಶಾಫ್ಟು ತಿರುಗಿದ್ದನ್ನ ಅದು ಎಣಿಸ್ತದೆ, ಚಕ್ರ ಎಷ್ಟು ಉರುಳ್ತು ಅಂತ ಅದಕ್ಕೆ ಗೊತ್ತಿಲ್ಲ.’

ಮೂರು ತಿಂಗಳ ಹಿಂದೆ ಹಿಂದಿನ ಆಕ್ಸಲ್ ಸದ್ದು ಮಾಡುತ್ತದೆಂದು ಬಸ್ಸನ್ನು ಒಂದು ವಾರ ಒಳಗೆ ನಿಲ್ಲಿಸಿದ್ದರು. ಉಗ್ರಾಣದಲ್ಲಿ ಸರಿಯಾದದ್ದು ಇರಲಿಲ್ಲ; ಸಿಕ್ಕಿದ್ದನ್ನು ಹಾಕಿ ಕಳಿಸಿದರು. ಬರೆದಿಡಲಿಲ್ಲ. ಹಾಕಿದವರನ್ನು ಯಾರೂ ವಜಾ ಮಾಡಲು ಹೊರಡಲಿಲ್ಲ, ಅವರಿಗೆ ನೋಟಿಸೂ ಹೋಗಲಿಲ್ಲ. ನೋಟಿಸು ಹೋದದ್ದು ಗಾಡಿ ಕೂಗುತ್ತದೆ ಎಂದು ಪುಸ್ತಕದಲ್ಲಿ ಬರೆದವನಿಗೆ.

ಸೋಮವಾರ ವಿಚಾರಣೆಯ ಕೋಣೆಯಲ್ಲಿ ಮ್ಯಾನೇಜರ್ ಆದೇಶ ಓದಿ ಹೇಳಿದ. ಡ್ರೈವರಿನ ದೀರ್ಘ ಸೇವೆ ಮತ್ತು ವಯಸ್ಸನ್ನು ಪರಿಗಣಿಸಿ, ಮಾನವೀಯ ದೃಷ್ಟಿಯಿಂದ ಆರೋಪವನ್ನು ಕೈಬಿಡಲಾಗಿದೆ.

‘ಸಹಿ ಹಾಕಿ ಹೊರಡಿ’ ಎಂದು ಪೆನ್ನು ಮುಂದೆ ತಳ್ಳಿದ. ಡ್ರೈವರ್ ಪೆನ್ನು ಎತ್ತಿಕೊಂಡ. ಕೆಲಸ ಉಳಿಯಿತಲ್ಲ, ಸಾಕು ಎಂಬ ಆಯಾಸ ಆತನ ಮುಖದಲ್ಲಿತ್ತು. ಗಡಿಯಾರದಕ್ಕ ಹಾಳೆಯ ಮೇಲೆ ಅಂಗೈ ಇಟ್ಟಳು.

‘ತಪ್ಪು ಮಾಡಿದವರನ್ನ ಮಾನವೀಯ ದೃಷ್ಟಿಯಿಂದ ಬಿಡ್ತಾರೆ ಸಾರ್. ಇವರು ಏನು ತಪ್ಪು ಮಾಡಿದಾರೆ?’

‘ಕೆಲಸ ಉಳೀತಲ್ಲಮ್ಮ. ಇನ್ನೇನು ಬೇಕು?’

‘ಕಾರಣ ಬೇಕು. ಹಿಂಗೇ ಬಿಟ್ರೆ ನಾಳೆ ಇನ್ನೊಬ್ಬರು ಬಂದು ಈ ಫೈಲು ಓದ್ತಾರೆ. ಡ್ರೈವರ್ ಬಸ್ಸನ್ನ ಮಾವನ ಮನೆಗೆ ತಿರುಗಿಸ್ತಿದ್ದ, ಪಾಪ ಅಂತ ಬಿಟ್ರು ಅಂತಾನೇ ಓದ್ತಾರೆ.’

‘ಗ್ಯಾರೇಜಿನ ತಪ್ಪು ಅಂತ ಬರೆದ್ರೆ ಮೇಲಿನವರು ನನ್ನ ಕೇಳ್ತಾರೆ.’

‘ಕೇಳ್ಲಿ ಸಾರ್. ನನ್ನ ತಪ್ಪು ನಾನು ಬರೆದು ಕೊಟ್ಟಿದೀನಿ, ಇನ್ಸ್‌ಪೆಕ್ಟರ್ ಸಾಹೇಬ್ರು ತಮ್ಮದು ಬರೆದಿದಾರೆ. ನಮ್ಮಿಬ್ಬರಿಗೂ ಏನೂ ಕಿತ್ತುಹೋಗಿಲ್ಲ.’

ಇನ್ಸ್‌ಪೆಕ್ಟರ್ ಗೋಡೆಯ ಕಡೆ ನೋಡುತ್ತಾ ಕೆಮ್ಮಿದ. ಆದರೂ ಇಲ್ಲ ಎನ್ನಲಿಲ್ಲ.

ಡ್ರೈವರ್ ಪೆನ್ನನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಂಡು ಕೂತ. ಆಕೆಯೂ ಪಕ್ಕದಲ್ಲಿ ಕೂತಳು. ಹೊರಗೆ ಬಸ್ಸುಗಳು ಒಳಗೆ ಬರುತ್ತಿದ್ದವು, ಹೊರಗೆ ಹೋಗುತ್ತಿದ್ದವು. ಮ್ಯಾನೇಜರ್ ಬೇರೆ ಫೈಲು ತೆಗೆದ, ಮುಚ್ಚಿದ, ನೀರು ಕುಡಿದ. ಕೊನೆಗೆ ಮಾನವೀಯ ದೃಷ್ಟಿಯ ಸಾಲಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಕೈಬರಹದಲ್ಲಿ ಬರೆದ. ಬರೆದು ಮುಗಿಸಿ ಹಾಳೆಯನ್ನು ಅವರ ಕಡೆ ತಿರುಗಿಸಿದ.

ಡ್ರೈವರ್ ನಿಧಾನವಾಗಿ ಓದಿದ. ‘ಬಸ್ಸಿಗೆ ತಪ್ಪು ಕ್ರೌನ್ ಅಳವಡಿಸಿದ್ದರಿಂದ ಮೀಟರ್ ಹೆಚ್ಚು ತೋರಿಸಿದೆ, ವೇಗ ಕಡಿಮೆಯಾಗಿದೆ. ಡ್ರೈವರನ ತಪ್ಪಿಲ್ಲ.’ ಕೊನೆಯ ಎರಡು ಪದಗಳನ್ನು ಮತ್ತೊಮ್ಮೆ ಓದಿದ. ಆಮೇಲೆ ಪೆನ್ನು ಎತ್ತಿಕೊಂಡು ಸಹಿ ಹಾಕಿದ.